ಅವಧಿಗೆ ಮುನ್ನವೇ ಮರಳಿದಾಗ

"ಮೂರು ವರ್ಷದ ಆದೇಶ ಇತ್ತಲ್ಲ, ಹದಿನಾಲ್ಕೇ ತಿಂಗಳಿಗೆ ಯಾಕೆ ಬಂದುಬಿಟ್ಟೆ? ಅಲ್ಲೇನಾದರೂ ಜಗಳವಾಯಿತಾ?" ನಿಯೋಜನೆ ಮುಗಿಸಿ ಕಣಕಟ್ಟೆಗೆ ಮರಳಿದಾಗ ನೆಂಟರೆಲ್ಲ ಕೇಳಿದ್ದು ಇದನ್ನೇ. ಅವಧಿಗೆ ಮುಂಚೆ ಬಂದವರನ್ನು ಕಳುಹಿಸಲಾಯಿತೆಂದೇ ಜನ ತಿಳಿಯುತ್ತಾರೆ. ತಾವಾಗಿ ಮರಳುವವರೂ ಇದ್ದಾರೆ.

ನಾನು ಸರಕಾರಿ ಪ್ರೌಢಶಾಲೆಯೊಂದರ ಗುಮಾಸ್ತೆ. 2018ರಲ್ಲಿ ಹಾಸನದ ಒಂದು ನಿಗಮದ ಕಚೇರಿಗೆ ನಿಯೋಜನೆಯ ಮೇಲೆ ಹೋದೆ. ಅರಸೀಕೆರೆಗೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು. ವರ್ಷ ತುಂಬುವ ಮೊದಲೇ ಅಬ್ಬಾಗೆ ಪಾರ್ಶ್ವವಾಯು ಹೊಡೆಯಿತು. ಎಬ್ಬಿಸಿ ಕೂರಿಸಲು ಒಬ್ಬರು ಹತ್ತಿರವೇ ಇರಬೇಕಾಯಿತು. ಇದು ಒಂದು ಕಾರಣ.

ಇನ್ನೊಂದು ಕಾರಣ ಶಾಲೆಯದು. ನಿಯೋಜನೆಗೆ ಹೋದವರ ಹುದ್ದೆಯ ಮೇಲಿನ ಹಕ್ಕು ಮಾತೃ ಇಲಾಖೆಯಲ್ಲೇ ಉಳಿಯುತ್ತದೆ. ನಮಗೆ ಅದು ರಕ್ಷಣೆ. ಆದರೆ ಆ ಜಾಗಕ್ಕೆ ಬೇರೆಯವರು ಬರದೇ ಹೋದರೆ ಭಾರ ಇದ್ದವರ ಮೇಲೆ ಬೀಳುತ್ತದೆ. ನಮ್ಮಲ್ಲಿ ಗಣಿತದ ಮೇಷ್ಟ್ರೇ ಸಂಬಳದ ಬಿಲ್ಲು, ವರ್ಗಾವಣೆ ಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವನ್ನೂ ನೋಡುತ್ತಿದ್ದರು. ಅವರು ಆಫೀಸಿನಲ್ಲಿ ಕೂತಷ್ಟು ಹೊತ್ತು ಹತ್ತನೇ ತರಗತಿಗೆ ಗಣಿತವಿರಲಿಲ್ಲ.

ಅರ್ಜಿಯಲ್ಲಿ ಯಾವ ಕಾರಣ ಬರೆಯಬೇಕು? ನಿಗಮದಲ್ಲಿ ಬೇಸರದ ಸಂಗತಿಗಳೂ ಇದ್ದವು, ಅವನ್ನು ಬರೆಯಲಿಲ್ಲ. ದಾಖಲೆಯಿಂದ ತೋರಿಸಬಹುದಾದ ಕಾರಣವನ್ನೇ ಬರೆದೆ. ತಂದೆಯ ಅನಾರೋಗ್ಯ, ಜೊತೆಗೆ ವೈದ್ಯಕೀಯ ಪತ್ರ. ದೂರು ಇದ್ದರೆ ಅದು ಬೇರೆ ಕಾಗದವಾಗಬೇಕು. ಮರಳುವ ಅರ್ಜಿಯಲ್ಲಿ ಸೇರಿಸಿದರೆ ದೂರಿನ ವಿಚಾರಣೆ ಮುಗಿಯುವವರೆಗೆ ಅರ್ಜಿಯೂ ಕಾಯಬೇಕಾದೀತು.

ಕೇಂದ್ರ ಸರಕಾರದ 2010ರ ಸೂಚನೆಯ ಪ್ರಕಾರ, ನಿಯೋಜಿತರನ್ನು ಅವಧಿಗೆ ಮುಂಚೆ ಮರಳಿಸುವುದಾದರೆ ಮಾತೃ ಇಲಾಖೆಗೂ ನೌಕರರಿಗೂ ಕನಿಷ್ಠ ಮೂರು ತಿಂಗಳ ಮುನ್ಸೂಚನೆ ಕೊಡಬೇಕು. ನಾನು ರಾಜ್ಯದ ನೌಕರಳಾದರೂ ಅದೇ ಅಳತೆಯನ್ನು ಇಟ್ಟುಕೊಂಡೆ. ಅರ್ಜಿಯ ಒಂದು ಪ್ರತಿಯನ್ನು ನಿಗಮಕ್ಕೂ ಇನ್ನೊಂದನ್ನು ಅದರ ಮೂಲಕ ಮಾತೃ ಇಲಾಖೆಗೂ ಕಳುಹಿಸಿದೆ. ನಿಗಮ ಕೂಡಲೇ ಬಿಡುಗಡೆ ಮಾಡಲು ಸಿದ್ಧವಿತ್ತು, ನಾನೇ ತಡೆದೆ. ಮಾತೃ ಇಲಾಖೆ ಸ್ಥಳ ತೋರಿಸುವ ಮೊದಲು ಬಿಡುಗಡೆಯಾದರೆ ನೌಕರರು ಎಲ್ಲಿಯೂ ಇಲ್ಲದವರಾಗುತ್ತಾರೆ. ಆ ದಿನಗಳನ್ನು ಕಡ್ಡಾಯ ನಿರೀಕ್ಷಣೆ ಎಂದು ಪರಿಗಣಿಸಿ ಆದೇಶ ಬರುವವರೆಗೆ ಸಂಬಳ ನಿಲ್ಲಬಹುದು. ಸ್ಥಳದ ಆದೇಶ ಕೈಗೆ ಬಂದ ಮೇಲೆಯೇ ಬಿಡುಗಡೆ ಪಡೆದೆ.

ಇನ್ನು ಪ್ರಭಾರ ವಹಿಸಿಕೊಡುವ ಕೆಲಸ. ನಗದು ಪುಸ್ತಕವನ್ನು ಆ ದಿನಕ್ಕೆ ಮುಕ್ತಾಯ ಮಾಡಿ ಬ್ಯಾಂಕಿನ ಪಾಸ್ ಪುಸ್ತಕಕ್ಕೆ ತಾಳೆ ನೋಡಿದೆವು. ಪಾಸ್ ಪುಸ್ತಕದಲ್ಲಿ ಹಣ ಹೆಚ್ಚಿತ್ತು. ನಾವು ಕೊಟ್ಟ ಎರಡು ಚೆಕ್ಕುಗಳು ಇನ್ನೂ ನಗದಾಗಿರಲಿಲ್ಲ. ಅವುಗಳ ಸಂಖ್ಯೆ, ಮೊತ್ತ ಬರೆದಾಗ ಲೆಕ್ಕ ಸರಿಹೋಯಿತು. ಆಮೇಲೆ ರಸೀದಿ ಪುಸ್ತಕಗಳು. ದಾಸ್ತಾನು ವಹಿಯಲ್ಲಿ ಇಪ್ಪತ್ತು, ಬೀರುವಿನಲ್ಲಿ ಹತ್ತೊಂಬತ್ತು. ಉಳಿದೊಂದು ಸಾಲ ವಸೂಲಿಗೆ ಹೋಗಿದ್ದ ಸಿಬ್ಬಂದಿಯ ಬಳಿ ಇತ್ತು. "ಎಲ್ಲ ಸರಿಯಿದೆ ಅಂತ ಬರೀರಿ ಮೇಡಂ, ನಾಳೆ ಬರುತ್ತೆ" ಎಂದರು ಪ್ರಭಾರ ವಹಿಸಿಕೊಳ್ಳುವವರು. ಬರೆಯಲಿಲ್ಲ. ಮರುದಿನ ಅದು ಬಂದಾಗ ಬಳಸಿದ ಹಾಳೆಗಳನ್ನೂ ಕಟ್ಟಿದ ಹಣವನ್ನೂ ತಾಳೆ ನೋಡಿ, ಉಳಿದ ಹಾಳೆಗಳ ಸಂಖ್ಯೆ ನಮೂದಿಸಿ, ಮೂರೂ ಜನ ಸಹಿ ಮಾಡಿದೆವು. ಖಾಲಿ ರಸೀದಿ ಪುಸ್ತಕ ಎಂದರೆ ಯಾರಿಂದ ಬೇಕಾದರೂ ಹಣ ಪಡೆಯುವ ಅಧಿಕಾರ. ಅದಕ್ಕೆ ಬರೀ ಎಣಿಕೆ ಸಾಲದು.

ನಮ್ಮ ಮನೆಮಾತಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ದೂರ ಇಡುವುದು. ಮೊದಲನೆಯದನ್ನು ಸರಿಯಾಗಿ ಹಿಂದಿರುಗಿಸದವರಿಗೆ ಎರಡನೆಯದು ಕಾದಿರುತ್ತದೆ ಎಂದು ನಾವಿಬ್ಬರೂ ನಕ್ಕೆವು.

ಬಾಕಿ ಕಡತಗಳ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ಮುಂದಿನ ಹೆಜ್ಜೆ ಏನು, ಯಾವ ತಾರೀಖಿನೊಳಗೆ ಎಂದು ಬರೆದೆ. ಬರೀ ಕಡತದ ಹೆಸರಿದ್ದರೆ ಹೊಸಬರು ಎಲ್ಲವನ್ನೂ ಮೊದಲಿನಿಂದ ಓದಬೇಕಾಗುತ್ತದೆ.

ಹಲವರು ಮರೆಯುವುದು ಕೊನೆಯ ವಿಷಯವನ್ನು. ನಿಗಮದಂಥ ಹೊರಗಿನ ಸಂಸ್ಥೆಯಲ್ಲಿ ಇದ್ದಷ್ಟು ಕಾಲ ನಮ್ಮ ಪಿಂಚಣಿ ಮತ್ತು ರಜೆ ಸಂಬಳದ ವಂತಿಗೆಯನ್ನು ಸರಕಾರಕ್ಕೆ ಕಟ್ಟಬೇಕು. ನಾನು 2006ರ ಏಪ್ರಿಲ್ 1ಕ್ಕೆ ಮುಂಚೆ ಸೇರಿದವಳು, ಹಾಗಾಗಿ ಹಳೆಯ ಪಿಂಚಣಿಯ ಲೆಕ್ಕ. ಹದಿನಾಲ್ಕು ತಿಂಗಳಲ್ಲಿ ಹನ್ನೊಂದರ ಚಲನ್ ಮಾತ್ರ ಸಿಕ್ಕಿತು. ಉಳಿದ ಮೂರನ್ನು ಕಟ್ಟಿಸಿ, ಎಲ್ಲದರ ಪ್ರತಿ ಪಡೆದೆ. ಅಂತಿಮ ವೇತನ ಪ್ರಮಾಣಪತ್ರದಲ್ಲಿ ಸಂಬಳ ಯಾವ ದಿನದವರೆಗೆ ಪಾವತಿಯಾಗಿದೆ ಎಂದು ನೋಡಿಕೊಂಡೆ. ಸೇವಾ ಪುಸ್ತಕದಲ್ಲಿ ಹೋದ ದಿನ, ಬಂದ ದಿನ, ಬಳಸಿದ ರಜೆ ಬರೆಸಿದೆ. ಅಂದು ಬಿಟ್ಟಿದ್ದರೆ ನಿವೃತ್ತಿಯ ಹೊತ್ತಿಗೆ, ಆ ಕಚೇರಿಯಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲದಾಗ, ಆ ಮೂರು ತಿಂಗಳನ್ನು ಹುಡುಕಬೇಕಾಗುತ್ತಿತ್ತು.

ನಿಯೋಜನೆಯ ಭತ್ಯೆ ನಿಂತಿತು, ಮನೆಯ ಲೆಕ್ಕ ಬಿಗಿಯಾಯಿತು. ಜ್ಯೇಷ್ಠತೆ ಮಾತ್ರ ಇದ್ದಲ್ಲೇ ಇತ್ತು. ಶಾಲೆಯಲ್ಲಿ ನಾನು ಬೀಗದ ಕೈ ತೆಗೆದುಕೊಂಡ ದಿನ ಮೇಷ್ಟ್ರು ಬಿಲ್ಲುಗಳ ಕಡತವನ್ನು ನನ್ನ ಮೇಜಿನ ಮೇಲಿಟ್ಟು, ಸೀಮೆಸುಣ್ಣ ಹಿಡಿದು ಹತ್ತನೇ ತರಗತಿಗೆ ಹೋದರು.