ಮೂರು ಗಂಟೆಯ ಎಚ್ಚರ

ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ರೂಮು ಹಂಚಿಕೊಂಡಿದ್ದ ಗೆಳೆಯನನ್ನು ಯಾರೂ ಕುಡುಕ ಎನ್ನುತ್ತಿರಲಿಲ್ಲ. ಪಾರ್ಟಿಗಳಿಗೆ ಕರೆದರೆ ಹೋಗುತ್ತಿರಲಿಲ್ಲ, ಕುಡಿದು ಗಲಾಟೆ ಮಾಡಿದವನಲ್ಲ. ಪಿಎಚ್‌.ಡಿ.ಯ ನಾಲ್ಕನೇ ವರ್ಷ, ಫೆಲೋಶಿಪ್ ಹಣ ಆರು ತಿಂಗಳಿಂದ ಬಂದಿರಲಿಲ್ಲ, ಊರಲ್ಲಿ ಅಪ್ಪ ಫೋನ್ ಮಾಡಿದಾಗಲೆಲ್ಲ 'ಯಾವಾಗ ಮುಗಿಯುತ್ತೆ' ಎಂದು ಕೇಳುತ್ತಿದ್ದರು. ನಿದ್ದೆ ಬರುತ್ತಿರಲಿಲ್ಲ. ಹಾಗಾಗಿ ತೊಂಬತ್ತು ಎಂಎಲ್‌ನ ವಿಸ್ಕಿಯ ಟೆಟ್ರಾ ಪ್ಯಾಕೆಟ್ಟೊಂದನ್ನು ತಂದು, ಮೂಲೆ ಕತ್ತರಿಸಿ, ಸ್ಟೀಲ್ ಲೋಟದಲ್ಲಿ ನೀರು ಬೆರೆಸಿ, ಕಷಾಯ ಕುಡಿದಂತೆ ಮುಖ ಕಿವುಚಿಕೊಂಡು ಕುಡಿಯುತ್ತಿದ್ದ. ಹತ್ತೂಮುಕ್ಕಾಲಿಗೆ ಕುಡಿದರೆ ಹನ್ನೊಂದೂಕಾಲಿಗೆ ನಿದ್ದೆ. ಅದೂ ಎಂಥ ನಿದ್ದೆ! ನಾನು ಲೈಟು ಹಾಕಿದರೂ, ಕುರ್ಚಿ ಎಳೆದರೂ ಮಿಸುಕುತ್ತಿರಲಿಲ್ಲ.

ಮೂರು ಗಂಟೆಗೆ ಮಾತ್ರ ಯಾರೋ ತಟ್ಟಿ ಎಬ್ಬಿಸಿದಂತೆ ಎದ್ದು ಕೂರುತ್ತಿದ್ದ. ಬೆವರು, ಒಣಗಿದ ಬಾಯಿ, ಡವಡವ ಎನ್ನುವ ಎದೆ. ಬಾತ್‌ರೂಮಿಗೆ ಹೋಗಿಬಂದು, ಅರ್ಧ ಬಾಟಲಿ ನೀರು ಕುಡಿದು ಮತ್ತೆ ಮಲಗಿದರೂ ಬೆಳಗಿನವರೆಗೆ ಹೊರಳಾಟವೇ. ಇದಕ್ಕೆ ಅವನದೇ ಒಂದು ವಿವರಣೆ ಇತ್ತು. "ಎಣ್ಣೆ ಪಾಪ ತನ್ನ ಕೆಲಸ ಮಾಡ್ತದೆ ಕಣೋ. ಮೂರು ಗಂಟೆಗೆ ಎಬ್ಸೋದು ಈ ದರಿದ್ರ ಥೀಸಿಸ್ಸು."

ನಿದ್ದೆ ತಂದ ಕೀರ್ತಿ ವಿಸ್ಕಿಗೆ, ಕೆಡಿಸಿದ ಅಪಕೀರ್ತಿ ಥೀಸಿಸ್ಸಿಗೆ. ಕುಡಿದು ಮಲಗುವ ಬಹಳ ಜನ ಈ ಲೆಕ್ಕವನ್ನೇ ನಂಬಿರುತ್ತಾರೆ. ನಂಬದೆ ಇನ್ನೇನು ಮಾಡಿಯಾರು? ಕುಡಿದದ್ದು ಯಾವಾಗಲೋ, ಎಚ್ಚರವಾದದ್ದು ಯಾವಾಗಲೋ, ನಡುವಿನ ನಾಲ್ಕು ಗಂಟೆ ಅವರಿಗೆ ನೆನಪೇ ಇಲ್ಲ. ನಾನು ಓದುವುದು ಜೀವರಸಾಯನಶಾಸ್ತ್ರ. ಹಾಗಾಗಿ ಆ ನಾಲ್ಕು ಗಂಟೆಯ ಲೆಕ್ಕ ಹಾಕಿ ನೋಡಬೇಕೆನ್ನಿಸಿತು.

ನಮ್ಮಲ್ಲಿ ಸಿಗುವ ವಿಸ್ಕಿಯ ಮೇಲೆ 42.8 ಶೇಕಡಾ ಎಂದು ಅಚ್ಚಾಗಿರುತ್ತದೆ. ಆ ಲೆಕ್ಕದಲ್ಲಿ ತೊಂಬತ್ತು ಎಂಎಲ್‌ನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಇದನ್ನು ಕರಗಿಸುವುದು ಬಹುಪಾಲು ಲಿವರ್‌ನ ಕೆಲಸ. ಅಲ್ಲಿನ ಕಿಣ್ವದ ಸ್ವಭಾವ ವಿಚಿತ್ರ. ಒಂದೇ ತಕ್ಕಡಿ ಇರುವ ರೇಷನ್ ಅಂಗಡಿಯಂತೆ, ಹೊರಗೆ ಸಾಲು ಎಷ್ಟೇ ಉದ್ದವಿದ್ದರೂ ಅದು ತನ್ನ ವೇಗ ಹೆಚ್ಚಿಸುವುದಿಲ್ಲ. ಸಾಧಾರಣ ಮೈಕಟ್ಟಿನವರಲ್ಲಿ ಗಂಟೆಗೆ ಸುಮಾರು 7 ಗ್ರಾಂ. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಮೂವತ್ತನ್ನು ಏಳರಿಂದ ಭಾಗಿಸಿದರೆ ನಾಲ್ಕೂಕಾಲು ಗಂಟೆ. ಹತ್ತೂಮುಕ್ಕಾಲಿಗೆ ನಾಲ್ಕೂಕಾಲು ಸೇರಿಸಿ ನೋಡಿ. ಸರಿಯಾಗಿ ಮೂರು.

ಹಾಗಾದರೆ ಆಲ್ಕೋಹಾಲ್ ಇರುವಾಗಲ್ಲ, ಹೋಗುವಾಗ ಎಚ್ಚರ. ಇದು ಏಕೆ? ಮಿದುಳಿನಲ್ಲಿ ನರಕೋಶಗಳನ್ನು ಸುಮ್ಮನಿರಿಸುವ ಗಾಬಾ ಎಂಬ ರಾಸಾಯನಿಕವಿದೆ, ಕೆರಳಿಸುವ ಗ್ಲುಟಮೇಟ್ ಇದೆ. ಆಲ್ಕೋಹಾಲ್ ಮೊದಲನೆಯದರ ಕೈ ಬಲಪಡಿಸುತ್ತದೆ, ಎರಡನೆಯದನ್ನು ತಡೆಯುತ್ತದೆ. ಮಿದುಳು ಇದನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಸಮತೂಕಕ್ಕಾಗಿ ಕೆರಳಿಸುವ ಬದಿಗೆ ತಾನೂ ಒತ್ತತೊಡಗುತ್ತದೆ. ಬಾಗಿಲಿನ ಎರಡು ಬದಿಯಲ್ಲಿ ಇಬ್ಬರು ನಿಂತು ತಳ್ಳುತ್ತಿದ್ದಾರೆ ಎಂದುಕೊಳ್ಳಿ. ಒಬ್ಬ ತಟ್ಟನೆ ಕೈ ಬಿಟ್ಟರೆ ಇನ್ನೊಬ್ಬ ಮುಗ್ಗರಿಸಿ ಒಳಗೆ ಬೀಳುತ್ತಾನಲ್ಲ, ಮೂರು ಗಂಟೆಗೆ ಆಗುವುದು ಅದು. ಆ ಬೆವರು, ಆ ಎದೆಬಡಿತ ಹುಟ್ಟುವುದು ಅಲ್ಲಿಂದ. ಹಾಗೆ ಎದ್ದ ಮನಸ್ಸು ಸುತ್ತ ಕಣ್ಣಾಡಿಸಿ, ಕೈಗೆ ಸಿಕ್ಕ ಥೀಸಿಸ್ಸನ್ನು ಕಾರಣ ಎಂದುಕೊಳ್ಳುತ್ತದೆ.

ರಾತ್ರಿಯ ಮೊದಲ ಭಾಗದ ನಿದ್ದೆ ಸುಳ್ಳಲ್ಲ. ಕುಡಿದವರಿಗೆ ಬೇಗ ನಿದ್ದೆ ಹತ್ತುವುದೂ, ಆರಂಭದ ಗಾಢ ನಿದ್ದೆ ಹೆಚ್ಚುವುದೂ ನಿಜ. ಆದರೆ ಕನಸಿನ ನಿದ್ದೆ, ಅಂದರೆ ಕಣ್ಣಗುಡ್ಡೆಗಳು ರೆಪ್ಪೆಯ ಕೆಳಗೆ ಓಡಾಡುವ ರೆಮ್ ನಿದ್ದೆ, ಆ ಹೊತ್ತಿನಲ್ಲಿ ಅದುಮಿಟ್ಟುಕೊಂಡಿರುತ್ತದೆ. ರೆಮ್‌ನ ದೊಡ್ಡ ಪಾಲು ಬೆಳಗಿನ ಜಾವಕ್ಕೆ ಬರಬೇಕಾದದ್ದು. ಆ ಹೊತ್ತು ಒಡೆದು ಚೂರಾಗಿರುತ್ತದೆ. ಹಲವು ಬಾರಿ ಬಾಕಿ ಉಳಿದ ಕನಸುಗಳು ಒಟ್ಟಿಗೆ ನುಗ್ಗುವುದೂ ಉಂಟು. ಗೆಳೆಯ ನಾಲ್ಕರಿಂದ ಆರರ ನಡುವೆ ಕಂಡ ಕನಸುಗಳನ್ನು ಬೆಳಿಗ್ಗೆ ಚಹಾ ಕುಡಿಯುತ್ತ ಹೇಳುತ್ತಿದ್ದ. ಒಂದರಲ್ಲಿ ಅವನ ವೈವಾ ಊರಿನ ಎಮ್ಮೆ ಸಂತೆಯಲ್ಲಿ ನಡೆದಿತ್ತು!

ಇದು ಹೊಸ ಸಂಗತಿಯೇನಲ್ಲ. 1933ರಲ್ಲೇ ಶಿಕಾಗೊ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್‌ಮನ್ ಮತ್ತು ಸಂಗಡಿಗರು ಮಲಗಿದವರ ಮಿಸುಕಾಟವನ್ನು ಅಳೆದು, ಆಲ್ಕೋಹಾಲ್ ಕುಡಿದ ರಾತ್ರಿ ಮೊದಲ ಅರ್ಧದಲ್ಲಿ ಅದು ಕಡಿಮೆಯಾಗಿ, ಎರಡನೇ ಅರ್ಧದಲ್ಲಿ ಹೆಚ್ಚುವುದನ್ನು ಕಂಡಿದ್ದರು. ರೆಮ್ ಎಂಬುದೊಂದಿದೆ ಎಂದು ಅದೇ ಕ್ಲೈಟ್‌ಮನ್ ತನ್ನ ವಿದ್ಯಾರ್ಥಿ ಅಸೆರಿನ್ಸ್ಕಿ ಜೊತೆ ಜಗತ್ತಿಗೆ ತಿಳಿಸಿದ್ದು ಇಪ್ಪತ್ತು ವರ್ಷ ಬಿಟ್ಟು. (ಅಸೆರಿನ್ಸ್ಕಿ ಆಗ ಪಿಎಚ್‌.ಡಿ. ವಿದ್ಯಾರ್ಥಿ. ನಮ್ಮಂಥವರಿಗೆ ಸಮಾಧಾನ ತರುವ ವಿಷಯ.)

ನನ್ನ ಲೆಕ್ಕವನ್ನು ಗೆಳೆಯ ನಂಬಲಿಲ್ಲ. ನಂಬಿಸಿದ್ದು ಒಂದು ಭಾನುವಾರ. ಭಾನುವಾರ ರಾತ್ರಿ ಮೆಸ್ ಇರುವುದಿಲ್ಲ, ಮಾಡಲು ಕೆಲಸವಿಲ್ಲ ಎಂದು ಅವನು ಎಂಟು ಗಂಟೆಗೇ ಕುಡಿದು ಒಂಬತ್ತಕ್ಕೆ ಮಲಗಿದ. ಎಚ್ಚರವಾದದ್ದು ಹನ್ನೆರಡೂವರೆಗೆ. "ಥೀಸಿಸ್ಸಿಗೆ ಗಡಿಯಾರ ನೋಡೋಕೆ ಬರಲ್ವಾ? ಇವತ್ತು ಎರಡೂವರೆ ಗಂಟೆ ಮುಂಚೆನೇ ಬಂತಲ್ಲ" ಎಂದೆ. ಚಿಂತೆಯಿಂದ ಆಗುವ ಎಚ್ಚರ ಕೊನೆಯ ಗುಟುಕಿನ ಸಮಯವನ್ನು ಹಿಂಬಾಲಿಸುವುದಿಲ್ಲ. ಕುಡಿದದ್ದು ಎಷ್ಟಕ್ಕೆ, ಎಚ್ಚರವಾದದ್ದು ಎಷ್ಟಕ್ಕೆ ಎಂದು ಒಂದೆರಡು ವಾರ ಬರೆದಿಟ್ಟರೆ ಇದು ಯಾರಿಗಾದರೂ ಕಾಣುತ್ತದೆ.

ಕಂಡ ಮೇಲೆ ಅವನು ಮಾಡಿದ್ದು ನಾನು ನಿರೀಕ್ಷಿಸಿದ್ದಕ್ಕೆ ತದ್ವಿರುದ್ಧ. ನಾಲ್ಕು ಗಂಟೆಗೆ ಸಾಲದಿದ್ದರೆ ಎಂಟು ಗಂಟೆಗೆ ಆಗುವಷ್ಟು ಕುಡಿಯೋಣ ಎಂದು ಕ್ವಾರ್ಟರಿಗೆ ಏರಿದ. ಗಣಿತವೇನೋ ಸರಿ: ಅರವತ್ತು ಗ್ರಾಂ, ಎಂಟೂವರೆ ಗಂಟೆ. ಈಗ ಮೂರಕ್ಕೆ ಏಳುತ್ತಿರಲಿಲ್ಲ. ಬದಲಿಗೆ ರೂಮಿನಲ್ಲಿ ಭಾರೀ ಗೊರಕೆ ಶುರುವಾಯಿತು. ಆಲ್ಕೋಹಾಲ್ ಗಂಟಲಿನ ಸ್ನಾಯುಗಳನ್ನು ಸಡಿಲಿಸುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಗೊರಕೆ ನಡುವೆ ತಟ್ಟನೆ ನಿಂತು, ಹತ್ತು ಹದಿನೈದು ಸೆಕೆಂಡ್ ನಿಶ್ಶಬ್ದವಾಗಿ, ಆಮೇಲೆ ಉಬ್ಬಸದಂತೆ ಮತ್ತೆ ಶುರುವಾಗುತ್ತಿತ್ತು. ಆ ನಿಶ್ಶಬ್ದದಲ್ಲಿ ನಾನು ಎಣಿಸುತ್ತ ಕೂರುತ್ತಿದ್ದೆ. ಪ್ರತಿ ಸಲವೂ ಮಿದುಳು ಉಸಿರಿಗಾಗಿ ಅರೆಕ್ಷಣ ಎದ್ದಿರುತ್ತದೆ; ಮಲಗಿದವನಿಗೆ ಗೊತ್ತಾಗುವುದಿಲ್ಲ. ಅವನಿಗೆ ಗೊತ್ತಾದದ್ದು ಇಷ್ಟೆ: ಎಂಟು ಗಂಟೆ ಮಲಗಿದರೂ ಲ್ಯಾಬಿನಲ್ಲಿ ತೂಕಡಿಕೆ.

ನಿದ್ದೆ ಹತ್ತಿಸುವ ಗುಣಕ್ಕೆ ಮಿದುಳು ಕೆಲವೇ ರಾತ್ರಿಗಳಲ್ಲಿ ಒಗ್ಗಿಕೊಳ್ಳತೊಡಗುತ್ತದೆ. ಮೊದಲಿನ ಪರಿಣಾಮಕ್ಕೆ ಹೆಚ್ಚು ಬೇಕಾಗುತ್ತದೆ. ಒಂದು ರಾತ್ರಿ ಬಿಟ್ಟರೆ ನಿದ್ದೆ ಇನ್ನೂ ಕೆಡುತ್ತದೆ, 'ನೋಡು, ಕುಡಿಯದಿದ್ದರೆ ನಿದ್ದೆಯೇ ಇಲ್ಲ' ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ನನಗೆ ಹೆದರಿಕೆಯಾದದ್ದು ಇಲ್ಲಿ. ಕ್ವಾರ್ಟರ್ ದಿನವಹಿಯಾಗಿ ಮೂರು ತಿಂಗಳಾಗಿತ್ತು, ಬೆಳಿಗ್ಗೆ ಪಿಪೆಟ್ ಹಿಡಿದರೆ ಕೈ ಸಣ್ಣಗೆ ನಡುಗುತ್ತಿತ್ತು. ಇಂಥ ಹಂತದಲ್ಲಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ; ಬಹಳ ಕುಡಿಯುವವರಿಗೆ ಫಿಟ್ಸ್ ಬರಬಹುದು. 'ನಾಳೆಯಿಂದ ಬಂದ್' ಎಂದವನನ್ನು ತಡೆದು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ. ಎಷ್ಟು, ಯಾವಾಗ, ಎಷ್ಟು ದಿನದಿಂದ ಎಂದು ಕೇಳಿ, ಔಷಧಿ ಬರೆದು, ದಿನ ಬಿಟ್ಟು ದಿನ ಬರಲು ಹೇಳಿದರು.

ಬಿಟ್ಟ ಮೊದಲ ವಾರ ಕೆಟ್ಟದಾಗಿತ್ತು. ಎರಡು ಗಂಟೆಗೂ ನಿದ್ದೆ ಇಲ್ಲ, ಬಂದರೆ ಬರೀ ಕನಸು. ನಿದ್ದೆ ಪೂರ್ತಿ ಸರಿಹೋಗಲು ತಿಂಗಳುಗಳೇ ಬೇಕಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಅವನು ತಡೆದುಕೊಂಡ. ಮೂರನೇ ವಾರದ ಒಂದು ದಿನ ಒಂದು ಗಂಟೆಗೆ ಮಲಗಿದವನು ಮೆಸ್ಸಿನ ಪಾತ್ರೆ ಸದ್ದಿಗೆ ಏಳುಗಂಟೆಗೆ ಎದ್ದ. ಫೆಲೋಶಿಪ್ ಇನ್ನೂ ಬಂದಿರಲಿಲ್ಲ, ಮೂರನೇ ಅಧ್ಯಾಯ ಹಾಗೇ ಇತ್ತು. "ರಾತ್ರಿ ಗೊರಕೆ ಹೊಡೆದ್ನಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ನಾನೂ ಮಲಗಿಬಿಟ್ಟಿದ್ದೆ.