ಬಚ್ಚಲಿನ ಬಾಯಿ

ನಿವೃತ್ತನಾದ ಮೇಲೆ ರಾಮನಗರದ ನಮ್ಮ ಮನೆಗೆ ಮಹಡಿಯೊಂದನ್ನು ಕಟ್ಟಿಸಿದೆ. ಮಕ್ಕಳು ಬಂದಾಗ ಅನುಕೂಲವಾಗಲೆಂದು ಅಲ್ಲೊಂದು ಬಚ್ಚಲೂ ಆಯಿತು. ಅವರು ಬರುವುದು ವರ್ಷಕ್ಕೆ ಎರಡು ಸಲ.

ಕಳೆದ ಬೇಸಗೆಯಲ್ಲಿ ಮಹಡಿಯ ಬಾಗಿಲು ತೆರೆದರೆ ದುರ್ವಾಸನೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಊರಲ್ಲವೇ, ಮೊದಲು ಅದನ್ನೇ ದೂರಿದೆ. ಆದರೆ ಕಿಟಕಿ ಮುಚ್ಚಿದಷ್ಟೂ ವಾಸನೆ ಹೆಚ್ಚಿತು. ರಾತ್ರಿ ದೀಪ ಹಾಕಿದಾಗ ಎರಡು ಜಿರಲೆಗಳು ಬಚ್ಚಲಿನ ಜಾಲರಿಯೊಳಗೆ ನುಸುಳಿದವು.

ಮಾಗಡಿ ಕಡೆಯ ಗಾರೆ ಕೆಲಸದವರೊಬ್ಬರು ಬಂದು ಜಾಲರಿ ಎತ್ತಿ ಟಾರ್ಚ್ ಬಿಟ್ಟರು. "ಮೇಷ್ಟ್ರೇ, ಒಳಗೆ ನೀರೇ ಇಲ್ಲ, ಒಣಗೋಗದೆ" ಎಂದರು.

ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪಿನ ರಚನೆಯಿಂದಾಗಿ, ಸ್ನಾನದ ನೀರು ಹರಿದುಹೋದ ಮೇಲೂ ಅದರಲ್ಲಿ ಸುಮಾರು 50 ಮಿಲಿಮೀಟರ್ ಆಳದ ನೀರು ನಿಂತಿರಬೇಕು. ಆ ನೀರೇ ಬಾಗಿಲು. ತಿಂಗಳುಗಟ್ಟಲೆ ಬಳಸದಿದ್ದರೆ ಅದು ಆವಿಯಾಗಿ ಬಾಗಿಲು ತೆರೆದುಕೊಳ್ಳುತ್ತದೆ. ಮನೆಯ ಹೊರಗಿನ ಗಲ್ಲಿ ಟ್ರ್ಯಾಪು ಇದೇ ಉಪಾಯದಿಂದ ಚರಂಡಿಯ ಗಾಳಿಯನ್ನು ತಡೆಯುತ್ತದೆ, ನಿಜ. ಆದರೆ ಅಲ್ಲಿಂದ ಬಚ್ಚಲಿನವರೆಗಿನ ಕೊಳವೆಯೊಳಗೆ ಕಟ್ಟಿದ ಲೋಳೆಯ ವಾಸನೆಯನ್ನು ಅದು ತಡೆಯಲಾರದು. ಚಿಕ್ಕ ಚಿಕ್ಕ ನೊಣಗಳು ಮೊಟ್ಟೆಯಿಡುವುದೂ ಆ ಲೋಳೆಯಲ್ಲಿಯೇ. ಫಿನಾಯಿಲು ಸುರಿದರೆ ಅದು ಹೋಗುವುದಿಲ್ಲ, ಉದ್ದ ಬ್ರಷ್ಷಿನಿಂದ ಉಜ್ಜಬೇಕು.

ಒಂದು ಬಕೆಟ್ ನೀರು ಹೊಯ್ದೊಡನೆ ವಾಸನೆ ಅಡಗಿತು. ಆದರೆ ಮಕ್ಕಳು ಬಂದು ಹೋದ ವಾರದಲ್ಲಿಯೇ ಕೆಳಗಿನ ಕೋಣೆಯ ತಾರಸಿಯಲ್ಲಿ ತೇವದ ಕಲೆ ಮೂಡಿತು. ಕೊಳವೆ ಒಡೆದಿದೆಯೆಂದು ನಾನು ಹೆದರಿದೆ. ಅವರು ಮೊದಲು ಆಲಿಕೆಯಿಟ್ಟು ನೀರನ್ನು ನೇರ ಟ್ರ್ಯಾಪಿನೊಳಕ್ಕೇ ಸುರಿಸಿದರು. ದಿನವೆಲ್ಲ ಕಾದರೂ ಕಲೆ ಬೆಳೆಯಲಿಲ್ಲ. ಮರುದಿನ ಟ್ರ್ಯಾಪಿನ ಬಾಯಿಗೆ ಬಟ್ಟೆಯ ಉಂಡೆ ಬಿಗಿದು ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿದರು. ಸಂಜೆಯೊಳಗೆ ಕಲೆ ಒದ್ದೆಯಾಯಿತು. ಕೊಳವೆಗೆ ದೋಷವಿಲ್ಲ, ನೆಲದಲ್ಲಿದೆ. ಕಲೆ ಟ್ರ್ಯಾಪಿನ ನೇರ ಕೆಳಗೇ ಇದ್ದುದರಿಂದ ಅನುಮಾನ ಅದರ ಅಂಚಿನ ಮೇಲೆ. ಪಿವಿಸಿಗೆ ಸಿಮೆಂಟು ಅಂಟಿಕೊಳ್ಳುವುದಿಲ್ಲ. ಕಾಲಕ್ರಮದಲ್ಲಿ ಸುತ್ತಲೂ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಸುತ್ತಲಿನ ಟೈಲುಗಳನ್ನು ಒಂದು ಗೇಣು ತೆಗೆದಾಗ ಆ ಬಿರುಕು ಕಂಡಿತು. ಅಂಚಿನ ಸುತ್ತ ಬೆರಳಗಲದ ಕಾಲುವೆ ಕೊರೆದು, ಪಿವಿಸಿಯನ್ನು ಮರಳು ಕಾಗದದಿಂದ ಒರಟು ಮಾಡಿ, ಕುಗ್ಗದ ಗ್ರೌಟು ತುಂಬಿದರು. ಅದು ಗಟ್ಟಿಯಾದ ಮೇಲೆ ಪಾಲಿಮರ್ ಬೆರೆತ ಸಿಮೆಂಟಿನ ಲೇಪ ಬಳಿದು, ನಾರಿನ ಬಲೆಯ ಪಟ್ಟಿಯನ್ನು ಅದರಲ್ಲಿ ಒತ್ತಿದರು. ಲೇಪವನ್ನು ಟ್ರ್ಯಾಪಿನ ಬಾಯಿಯ ಒಳಕ್ಕೂ ಇಳಿಸಿದರು; ಇದನ್ನು ಮರೆಯುವವರೇ ಹೆಚ್ಚಂತೆ. ಒಣಗಿದ ಮೇಲೆ ಇನ್ನೊಂದು ಲೇಪ, ಮೊದಲಿನದಕ್ಕೆ ಅಡ್ಡವಾಗಿ.

ಟೈಲು ಕೂರಿಸಲು ನಾನು ಅವಸರಿಸಿದೆ. ಅವರು ಒಪ್ಪಲಿಲ್ಲ. ಲೇಪ ಪಕ್ವವಾಗಲು ಬಿಟ್ಟು, ಮತ್ತೆ ಬಾಯಿ ಕಟ್ಟಿ ಎರಡು ದಿನ ನೀರು ನಿಲ್ಲಿಸಿದರು. ನಾನು ಗೋಡೆಯ ಮೇಲೆ ಪೆನ್ಸಿಲಿನಿಂದ ನೀರಿನ ಮಟ್ಟ ಗುರುತಿಸಿ, ಕೆಳಗೆ ಹೋಗಿ ತಾರಸಿ ನೋಡುತ್ತಾ ಕುಳಿತೆ. ಕಲೆ ಹಿಗ್ಗಲಿಲ್ಲ.

ಈಗ ಪ್ರತಿ ಭಾನುವಾರ ಮಹಡಿಯ ಬಚ್ಚಲಿಗೆ ಎರಡು ತಂಬಿಗೆ ನೀರು. ಊರಿಗೆ ಹೋಗುವುದಿದ್ದರೆ ಆ ನೀರಿನ ಮೇಲೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಎರಡು ಚಮಚ ಹಾಕುತ್ತೇನೆ. ಮೇಲೆ ತೇಲಿ ನೀರನ್ನು ಬೇಗ ಆರಗೊಡುವುದಿಲ್ಲ.