ಹದಿನೆಂಟು ಲೋಡೋ, ಇಪ್ಪತ್ಮೂರೋ?

ಗುಂಡಿಯಲ್ಲಿದ್ದ ಮಣ್ಣೇ ಬೇರೆ, ಗುಂಡಿಯಿಂದ ಹೊರಗೆ ಬಂದ ಮಣ್ಣೇ ಬೇರೆ. ಇದು ಊರಲ್ಲಿ ತೆಂಗಿನ ಸಸಿಗೆ ಗುಂಡಿ ತೋಡಿದವರಿಗೆಲ್ಲ ಗೊತ್ತು. ಜಾಲಹಳ್ಳಿಯ 30×40 ಸೈಟಿನಲ್ಲಿ ಮನೆ ಕಟ್ಟಿಸೋಕೆ ಹೊರಟ ನಮ್ಮ ಭಾವನಿಗೆ ಮಾತ್ರ ಗೊತ್ತಿರಲಿಲ್ಲ.

ಪಾಯದ ಮಣ್ಣು ಹದಿನೆಂಟು ಟ್ರ್ಯಾಕ್ಟರ್ ಲೋಡ್ ಆಗುತ್ತೆ ಅಂತ ಅವರು ಬರೆದಿಟ್ಟುಕೊಂಡಿದ್ದರು. ಹದಿನೆಂಟು ಟ್ರಿಪ್ ಮುಗಿದರೂ ಸೈಟಲ್ಲಿ ಸೊಂಟದೆತ್ತರ ಗುಡ್ಡೆ ಹಾಗೇ ಇತ್ತು. "ಅರ್ಧರ್ಧ ತುಂಬ್ಕೊಂಡು ಹೋಗಿದಾನೆ ಕಣೋ" ಅಂತ ಭಾವ ನನ್ನನ್ನ ಕರೆಸಿದರು. "ಅಂಚಿನ ಮಟ್ಟಕ್ಕೆ ತುಂಬೇ ಹೊಡೆದಿದೀನಿ ಅಣ್ಣಾ" ಅಂತ ಟ್ರ್ಯಾಕ್ಟರಿನವನು. ಬಾಡಿಗೆ ಟ್ರಿಪ್ ಲೆಕ್ಕದಲ್ಲಿತ್ತು, ಸರಿ. ಆದರೆ ಅದೇ ರಸ್ತೆಯಲ್ಲಿ ಇನ್ನೆರಡು ಪಾಯ ತೆಗೀತಿದ್ದರು. ಕಳ್ಳ ಅನ್ನೋ ಹೆಸರು ಬಂದರೆ ಆ ಕೆಲಸಗಳೂ ಅವನ ಕೈತಪ್ಪುತ್ತಿದ್ದವು.

ಮೊದಲು ಗುಂಡಿ ಅಳೆದೆವು. ಗೋಡೆಗಳ ಮಧ್ಯದ ಗೆರೆ ಹಿಡಿದರೆ ಮನೆ 33 ಅಡಿ ಉದ್ದ, 24 ಅಡಿ ಅಗಲ. ಸುತ್ತಳತೆ 114 ಅಡಿ. ನಡುವೆ 24 ಅಡಿಯ ಒಂದು ಅಡ್ಡಗೋಡೆ. ಪಾಯದ ಅಗಲ 3 ಅಡಿ, ಆಳ 4 ಅಡಿ. ಅಡ್ಡಗೋಡೆಯ ಪಾಯ ಎರಡೂ ತುದಿಯಲ್ಲಿ ಹೊರಪಾಯವನ್ನ ಸೇರುವಲ್ಲಿ ಒಂದೂವರೆ ಅಡಿ ಎರಡೆರಡು ಸಲ ಲೆಕ್ಕಕ್ಕೆ ಬರುತ್ತೆ. ಅದನ್ನ ಕಳೆದರೆ 24 ಹೋಗಿ 21 ಉಳಿಯಿತು. ಒಟ್ಟು 135 ಅಡಿ ಉದ್ದ, ಅಂದರೆ 1620 ಘನ ಅಡಿ. ಇದರಲ್ಲಿ ಭಾವ ಎಲ್ಲೂ ತಪ್ಪಿರಲಿಲ್ಲ. ಜೆಸಿಬಿ ಬಕೆಟ್ ಅತ್ತಿತ್ತ ಆಡಿ ಅಗಲ ಮೂರೂಕಾಲು ಅಡಿ ಆಗಿದ್ದರೆ ಅಷ್ಟರಲ್ಲೇ ಹೆಚ್ಚುಕಮ್ಮಿ ಎರಡು ಲೋಡ್ ಜಾಸ್ತಿಯಾಗುತ್ತೆ. ಹಾಗಾಗಿ ಲೋಡ್ ಎಣಿಸೋಕೆ ಮುಂಚೆ ಟೇಪ್ ಹಿಡಿಯಬೇಕು. ಇಲ್ಲಿ ಮೂರಡಿಯೇ ಇತ್ತು.

ಟ್ರೈಲರ್ 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಆಳ. ಮಟ್ಟಕ್ಕೆ ತುಂಬಿದರೆ 90 ಘನ ಅಡಿ. 1620ನ್ನ 90ರಿಂದ ಭಾಗಿಸಿದರೆ ಹದಿನೆಂಟು. ಭಾವ ಮಾಡಿದ್ದು ಇಷ್ಟೇ. ಆದರೆ ಭಾಗಿಸಿದ್ದು ನೆಲದೊಳಗಿನ ಗಟ್ಟಿ ಮಣ್ಣನ್ನ, ಟ್ರೈಲರ್ ಒಯ್ಯೋದು ಸಡಿಲ ಮಣ್ಣನ್ನ. ಅಗೆದಾಗ ಹೆಂಟೆ ಒಡೆದು ನಡುವೆ ಗಾಳಿ ಸೇರಿಕೊಳ್ಳುತ್ತೆ. ತೂಕ ಅಷ್ಟೇ ಇರುತ್ತೆ, ಜಾಗ ಮಾತ್ರ ಜಾಸ್ತಿ ಬೇಕಾಗುತ್ತೆ. ಸಿವಿಲ್‌ನವರು ಇದಕ್ಕೆ ಸ್ವೆಲ್ ಅಂತಾರೆ. (ಎರೆಮಣ್ಣು ಮಳೆನೀರು ಕುಡಿದು ಉಬ್ಬುತ್ತಲ್ಲ, ಅದು ಬೇರೆ ಕತೆ.) ಮರಳು ನೂರಕ್ಕೆ ಹತ್ತು-ಹದಿನೈದರಷ್ಟು ಉಬ್ಬಿದರೆ, ನಮ್ಮ ಕೆಂಪು ಮಣ್ಣು ಇಪ್ಪತ್ತು-ಮೂವತ್ತರಷ್ಟು. ಸಿಡಿಸಿದ ಬಂಡೆಯಾದರೆ ಐವತ್ತೂ ದಾಟಬಹುದು.

ಪುಸ್ತಕದ ಅಂಕಿ ಹೇಳಿದರೆ ಭಾವ ಒಪ್ಪೋ ಪೈಕಿ ಅಲ್ಲ. ಅದಕ್ಕೇ ಪಾಯದ ತಳದಲ್ಲಿ ಒಂದು ಸಣ್ಣ ಗುಂಡಿ ತೋಡಿಸಿ, ಬಂದ ಮಣ್ಣನ್ನೆಲ್ಲ ಒಂದು ಶೀಟಿನ ಮೇಲೆ ಸುರಿಸಿದೆ. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ ಅಂಚಿನವರೆಗೆ ನೀರು ತುಂಬಿದೆವು. ನಾಲ್ಕು ಬಕೆಟ್ ಹಿಡಿಯಿತು. ಅದೇ ಬಕೆಟ್ಟಲ್ಲಿ ಮಣ್ಣನ್ನ ಒತ್ತದೆ ಅಳೆದರೆ ಐದು ಬಕೆಟ್. ನಾಲ್ಕಕ್ಕೆ ಒಂದು ಹೆಚ್ಚು, ಅಂದರೆ ನೂರಕ್ಕೆ ಇಪ್ಪತ್ತೈದು. ವಾಸ್ತು ನೋಡೋ ಹಳಬರು ಗುಂಡಿ ತೋಡಿ ಅದೇ ಮಣ್ಣು ವಾಪಸ್ ತುಂಬಿ, ಮಿಕ್ಕರೆ ಒಳ್ಳೆ ಜಾಗ ಅಂತಿದ್ದರು. ಅದರಲ್ಲೂ ಒಂದು ಅರ್ಥವಿದೆ. ನೆಲ ಮೊದಲೇ ಪೊಳ್ಳಾಗಿದ್ದರೆ ಮಣ್ಣು ಅಷ್ಟಾಗಿ ಮಿಗೋದಿಲ್ಲ.

ಹಾಗಾದರೆ 90 ಘನ ಅಡಿಯ ಟ್ರೈಲರ್ ಒಂದು ಟ್ರಿಪ್ಪಿಗೆ ನೆಲದಿಂದ ಖಾಲಿ ಮಾಡೋದು 72 ಘನ ಅಡಿ ಮಾತ್ರ. 1620ಕ್ಕೆ ಇಪ್ಪತ್ತೆರಡೂವರೆ ಲೋಡ್, ಅಂದರೆ ಇಪ್ಪತ್ಮೂರು ಟ್ರಿಪ್. ಹದಿನೆಂಟು ಹೋದ ಮೇಲೆ ನಾಲ್ಕೂವರೆ ಲೋಡ್ ಉಳಿಯಲೇಬೇಕು. ಗುಡ್ಡೆ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅಗೆತಕ್ಕೆ ಗುಂಡಿಯ ಅಳತೆ, ಸಾಗಣೆಗೆ ಟ್ರಿಪ್ಪಿನ ಅಳತೆ. ಒಂದೇ ಮಣ್ಣಿಗೆ ಎರಡು ಬಿಲ್, ಎರಡು ಘನ ಅಡಿ. ಭಾವ ಏನೂ ಮಾತಾಡದೆ ಹದಿನೆಂಟು ಟ್ರಿಪ್ಪಿನ ದುಡ್ಡು ಎಣಿಸಿ ಕೊಟ್ಟರು.

ಉಳಿದಿದ್ದನ್ನೂ ಹೊಡೆಸಿಬಿಡೋಣ ಅಂತ ಹೊರಟಾಗ ತಡೆದದ್ದು ಮೇಸ್ತ್ರಿ. ಪಾಯದಲ್ಲಿ ಕಾಂಕ್ರೀಟು, ಸೈಜುಗಲ್ಲು ಸೇರಿ ತುಂಬೋದು ಸುಮಾರು 900 ಘನ ಅಡಿ. ಮಿಕ್ಕ 720 ಘನ ಅಡಿಗೆ ಮಣ್ಣೇ ವಾಪಸ್ ಬೀಳಬೇಕು. ಮೊದಲಿನಷ್ಟೇ ಗಟ್ಟಿಯಾಗಿ ಕೂರಿಸಬೇಕಂದರೆ 900 ಘನ ಅಡಿ ಸಡಿಲ ಮಣ್ಣು, ಹತ್ತು ಲೋಡ್. ಕೈಯಲ್ಲಿರೋದು ನಾಲ್ಕೂವರೆ. ನಿಜವಾಗಿ ದುಡ್ಡು ಸೋರಿದ್ದು ಇಲ್ಲಿ. ಹನ್ನೆರಡು ಟ್ರಿಪ್ಪಿಗೆ ನಿಲ್ಲಿಸಿ, ಉಳಿದದ್ದನ್ನ ಪಕ್ಕದ ಖಾಲಿ ಸೈಟಿನವರನ್ನ ಕೇಳಿ ರಾಶಿ ಹಾಕಿಸಿದ್ದರೆ ಸಾಕಿತ್ತು. ಮನೆಯೊಳಗೆ ನೆಲ ಎತ್ತರಿಸೋಕೆ ಬೇಕಾದ ಮಣ್ಣು ಇನ್ನೂ ಬೇರೆ.

ಕಡಿಮೆ ಬಿದ್ದ ಮಣ್ಣನ್ನ ಅದೇ ಟ್ರ್ಯಾಕ್ಟರಿನವನು ಪಕ್ಕದ ಪಾಯದಿಂದ ತಂದು ಹಾಕಿದ. ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬೆರೆತ ಲೋಡನ್ನ ಮೇಸ್ತ್ರಿ ಗೇಟಿನಲ್ಲೇ ವಾಪಸ್ ಕಳಿಸಿದರು. ಅರ್ಧ ಅಡಿ ಮಣ್ಣು ಹಾಕೋದು, ನೀರು ಚಿಮುಕಿಸೋದು, ದಿಮ್ಮಸು ಹೊಡೆಯೋದು, ಆಮೇಲೆ ಇನ್ನರ್ಧ ಅಡಿ. ಸಡಿಲವಾಗಿ ಒಂದೇ ಸಲ ಸುರಿದು ಬಿಟ್ಟರೆ ಸೇರಿಕೊಂಡ ಗಾಳಿ ಒಳಗೇ ಉಳಿದು, ಮೊದಲ ದೊಡ್ಡ ಮಳೆಗೆ ಗೋಡೆಯ ಪಕ್ಕ ಉದ್ದಕ್ಕೂ ನೆಲ ಕುಸಿಯುತ್ತೆ.